ಒಂದೇ ಇನ್‌ವಾಯ್ಸ್, ಎರಡು ಪ್ರಶ್ನೆ: ಕಂಟ್ರೋಲ್ ಪರೀಕ್ಷೆ ಮತ್ತು ಸಬ್‌ಸ್ಟಾಂಟಿವ್ ಪರಿಶೀಲನೆ

ಪ್ರಶ್ನೆ: ನಾನು ಆಡಿಟ್ ಸಂಸ್ಥೆಯೊಂದರಲ್ಲಿ ಮೊದಲ ವರ್ಷದ ಟ್ರೇನಿ. ಕಳೆದ ವಾರ ಕಂಟ್ರೋಲ್ ಪರೀಕ್ಷೆ ಎಂದು 25 ಖರೀದಿ ಇನ್‌ವಾಯ್ಸ್‌ಗಳನ್ನು ನೋಡಿದೆ. ಈ ವಾರ ಸಬ್‌ಸ್ಟಾಂಟಿವ್ ಎಂದು ಮತ್ತೆ 30 ನೋಡಲು ಹೇಳಿದ್ದಾರೆ. ಎರಡೂ ಸಲ ಅದೇ ಕಾಗದ, ಅದೇ ಟಿಕ್ ಗುರುತು. ನಿಜವಾದ ವ್ಯತ್ಯಾಸ ಏನು?

ಕಾಗದ ಒಂದೇ ಆಗಿರುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಕಂಟ್ರೋಲ್ ಪರೀಕ್ಷೆಯಲ್ಲಿ ನೀವು ನೋಡುತ್ತಿರುವುದು ಕಂಪನಿಯ ಒಳಗೆ ಯಾರೋ ಮಾಡಬೇಕಾಗಿದ್ದ ಒಂದು ತಪಾಸಣೆಯನ್ನು. ಅದು ವರ್ಷವಿಡೀ, ಹೇಳಿದ ರೀತಿಯಲ್ಲೇ ನಡೆಯಿತೇ ಎಂಬುದು ಪ್ರಶ್ನೆ. ಸಬ್‌ಸ್ಟಾಂಟಿವ್ ಪರಿಶೀಲನೆಯಲ್ಲಿ ನೀವು ನೋಡುತ್ತಿರುವುದು ಲೆಕ್ಕಪುಸ್ತಕದಲ್ಲಿ ಕುಳಿತಿರುವ ಮೊತ್ತವನ್ನು. ಆ ಮೊತ್ತ ಸರಿಯೇ ಎಂಬುದು ಪ್ರಶ್ನೆ. ಮೊದಲನೆಯದಕ್ಕೆ ಸಿಗುವ ಉತ್ತರ ‘ನಡೆದಿದೆ’ ಅಥವಾ ‘ನಡೆದಿಲ್ಲ’. ಎರಡನೆಯದಕ್ಕೆ ಸಿಗುವ ಉತ್ತರ ಒಂದು ಸಂಖ್ಯೆ: ಇಷ್ಟು ಹೆಚ್ಚು, ಇಷ್ಟು ಕಡಿಮೆ, ಅಥವಾ ಸೊನ್ನೆ.

ವ್ಯಾಖ್ಯೆ ಇಷ್ಟೇ. ಆದರೆ ಫಲಿತಾಂಶ ಕೈಗೆ ಬಂದಾಗ ಅದನ್ನು ಹೇಗೆ ಓದಬೇಕು ಎನ್ನುವಲ್ಲಿ ಹೆಚ್ಚಿನ ಟ್ರೇನಿಗಳು ಎಡವುವುದನ್ನು ವರ್ಕಿಂಗ್ ಪೇಪರ್‌ಗಳನ್ನು ವಿಮರ್ಶಿಸುವಾಗ ಕಂಡಿದ್ದೇನೆ. ಆದ್ದರಿಂದ ನೀವು ನೋಡಿದ ಖರೀದಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಂಕಿಗಳು ಕಲ್ಪಿತ.

ಒಂದು ಕಂಪನಿಗೆ ವರ್ಷದಲ್ಲಿ ಸುಮಾರು 360 ಖರೀದಿ ಇನ್‌ವಾಯ್ಸ್‌ಗಳು ಬರುತ್ತವೆ. ಒಟ್ಟು ಮೊತ್ತ 72,00,000. ಪ್ರತಿ ಇನ್‌ವಾಯ್ಸನ್ನು ಲೆಕ್ಕಕ್ಕೆ ಸೇರಿಸುವ ಮೊದಲು ಗುಮಾಸ್ತರು ಅದನ್ನು ಖರೀದಿ ಆದೇಶ ಮತ್ತು ಗೋದಾಮಿನ ಸರಕು ಸ್ವೀಕೃತಿ ಚೀಟಿಯ ಜೊತೆ ತಾಳೆ ನೋಡಬೇಕು. ಮೂರೂ ಹೊಂದಿದರೆ ಮೇಲ್ವಿಚಾರಕರು ಮತ್ತೊಮ್ಮೆ ನೋಡಿ ಸಹಿ ಹಾಕಬೇಕು. ಈ ತಾಳೆ ಮತ್ತು ಸಹಿಯೇ ಇಲ್ಲಿನ ಕಂಟ್ರೋಲ್.

ಕಂಟ್ರೋಲ್ ಪರೀಕ್ಷೆಗೆ ನೀವು ವರ್ಷದ ಎಲ್ಲ ತಿಂಗಳುಗಳಿಂದ 25 ಇನ್‌ವಾಯ್ಸ್‌ಗಳನ್ನು ಆರಿಸಿದಿರಿ ಎನ್ನೋಣ. ಎಲ್ಲ ತಿಂಗಳು ಏಕೆ? ಕಂಟ್ರೋಲ್ ಮೇಲೆ ಎಷ್ಟು ಕಾಲಕ್ಕೆ ಭರವಸೆ ಇಡಲು ಹೊರಟಿದ್ದೀರೋ ಅಷ್ಟೂ ಕಾಲ ಅದು ಕೆಲಸ ಮಾಡಿದೆ ಎಂದು ತೋರಿಸಬೇಕು. ಡಿಸೆಂಬರ್‌ನ 25 ಸಹಿಗಳು ಜೂನ್ ಬಗ್ಗೆ ಏನನ್ನೂ ಹೇಳುವುದಿಲ್ಲ. 24ರಲ್ಲಿ ಸಹಿ ಇದೆ, ಆಗಸ್ಟ್ ತಿಂಗಳ ಒಂದರಲ್ಲಿ ಇಲ್ಲ. ಆ ಒಂದನ್ನು ನೀವು ಆದೇಶ ಮತ್ತು ಚೀಟಿಯೊಂದಿಗೆ ಹೋಲಿಸಿದಿರಿ; ಪ್ರಮಾಣ, ದರ, ಮೊತ್ತ ಎಲ್ಲವೂ ಸರಿ ಇವೆ.

ಇಲ್ಲಿ ಬಹುತೇಕರು ‘ಮೊತ್ತ ಸರಿ ಇದೆ, ಆದ್ದರಿಂದ ಲೋಪವಿಲ್ಲ’ ಎಂದು ಬರೆದು ಮುಂದೆ ಹೋಗುತ್ತಾರೆ. ಇದು ಎರಡು ಪ್ರಶ್ನೆಗಳನ್ನು ಕಲಸಿದ ಉತ್ತರ. ಮೊತ್ತ ಸರಿ ಇರುವುದು ಆ ದಿನ ಸರಬರಾಜುದಾರರು ಸರಿಯಾದ ಬಿಲ್ ಕಳುಹಿಸಿದ್ದರಿಂದ. ತಪ್ಪು ಬಿಲ್ ಬಂದಿದ್ದರೂ ಅದು ಹಾಗೆಯೇ ಒಳಗೆ ಹೋಗಬಹುದಿತ್ತು, ಏಕೆಂದರೆ ತಡೆಯಬೇಕಾಗಿದ್ದ ಎರಡನೆಯ ಕಣ್ಣು ಅಲ್ಲಿ ಇರಲಿಲ್ಲ. ನಿಮ್ಮ ಪ್ರಶ್ನೆ ಆ ಕಣ್ಣಿನ ಬಗ್ಗೆ ಆಗಿತ್ತು. ಹಾಗಾಗಿ ಇದು ಲೋಪವೇ, 25ರಲ್ಲಿ ಒಂದು.

ಒಂದೇ ತಾನೇ ಎಂದು ಹಗುರವಾಗಿ ಕಾಣಬೇಡಿ. 25ರಲ್ಲಿ ಒಂದೂ ಲೋಪ ಸಿಗದಿದ್ದರೆ, ಶೇ 90ರ ವಿಶ್ವಾಸ ಮಟ್ಟದಲ್ಲಿ, ಇಡೀ ವರ್ಷದ ಲೋಪದ ಪ್ರಮಾಣ ಸುಮಾರು ಶೇ 9ಕ್ಕಿಂತ ಹೆಚ್ಚಿರಲಾರದು ಎನ್ನಬಹುದು. ಒಂದು ಸಿಕ್ಕ ಕೂಡಲೇ ಆ ಮೇಲ್ಮಿತಿ ಶೇ 15ರ ಹತ್ತಿರಕ್ಕೆ ಏರುತ್ತದೆ. ಶೇ 10ರವರೆಗೆ ಸಹಿಸಬಹುದು ಎಂಬ ಯೋಜನೆಯಲ್ಲಿ 25 ಆರಿಸಿದ್ದರೆ, ಆ ಲೆಕ್ಕಾಚಾರ ಅಲ್ಲಿಗೆ ಮುರಿದು ಬೀಳುತ್ತದೆ.

ಮುಂದಿನ ಹೆಜ್ಜೆ ಕಾರಣ ಹುಡುಕುವುದು. ವಿಚಾರಿಸಿದಾಗ ಮೇಲ್ವಿಚಾರಕರು ಆಗಸ್ಟ್‌ನಲ್ಲಿ ಎರಡು ವಾರ ರಜೆಯಲ್ಲಿದ್ದರು, ಬದಲಿಗೆ ಯಾರನ್ನೂ ನೇಮಿಸಿರಲಿಲ್ಲ ಎಂದು ತಿಳಿಯುತ್ತದೆ ಎಂದುಕೊಳ್ಳಿ. ಆಗ ಇದು ಆ ಒಂದು ಕಾಗದದ ಕಥೆಯಲ್ಲ. ಆ ಎರಡು ವಾರಗಳ ಎಲ್ಲ ಇನ್‌ವಾಯ್ಸ್‌ಗಳೂ ಸಹಿಯಿಲ್ಲದೆ ಹೋಗಿರಬಹುದು. ರಜೆಯ ದಾಖಲೆ ನೋಡಿ, ಆ ಅವಧಿಯ ಇನ್‌ವಾಯ್ಸ್‌ಗಳನ್ನು ತೆಗೆದು ನೋಡಿ, ಅವರ ಬೇರೆ ರಜೆಗಳಲ್ಲಿ ಏನಾಯಿತು ಎಂದೂ ನೋಡಿ. ಆಮೇಲೆ ಸೀನಿಯರ್ ಜೊತೆ ತೀರ್ಮಾನಕ್ಕೆ ಬನ್ನಿ: ಆ ಎರಡು ವಾರಗಳಿಗೆ ಕಂಟ್ರೋಲ್ ಮೇಲಿನ ಭರವಸೆ ಬಿಟ್ಟು ನೇರವಾಗಿ ಮೊತ್ತಗಳನ್ನೇ ಪರಿಶೀಲಿಸುವುದೋ, ಅಥವಾ ವರ್ಷಪೂರ್ತಿ ಭರವಸೆ ಕಡಿಮೆ ಮಾಡಿ ಸಬ್‌ಸ್ಟಾಂಟಿವ್ ಕೆಲಸವನ್ನು ಹೆಚ್ಚಿಸುವುದೋ. ಸಹಿ ತಪ್ಪಿದ ಇನ್‌ವಾಯ್ಸನ್ನು ಬದಿಗಿಟ್ಟು ಇನ್ನೊಂದನ್ನು ಆರಿಸುವುದು ಮಾತ್ರ ಆಗದ ಮಾತು.

ಈಗ ಈ ವಾರದ 30. ಇವುಗಳನ್ನು ನೀವು ಖರೀದಿ ಲೆಡ್ಜರ್‌ನಿಂದ ಆರಿಸುತ್ತೀರಿ, ಏಕೆಂದರೆ ಪರೀಕ್ಷಿಸಬೇಕಾದದ್ದು ದಾಖಲಾದ ಮೊತ್ತ. ದಾಖಲಾದ ಖರೀದಿ ನಿಜವಾಗಿ ನಡೆಯಿತೇ ಎಂದು ನೋಡಲು ಲೆಡ್ಜರ್‌ನಿಂದ ಚೀಟಿಯ ಕಡೆಗೆ ನಡೆಯಬೇಕು. ನಡೆದ ಖರೀದಿಯೆಲ್ಲ ದಾಖಲಾಗಿದೆಯೇ ಎಂದು ನೋಡಲು ಗೋದಾಮಿನ ಚೀಟಿಯಿಂದ ಲೆಡ್ಜರ್ ಕಡೆಗೆ ಬರಬೇಕು. ಲೆಡ್ಜರ್‌ನಲ್ಲಿ ಇಲ್ಲದ್ದನ್ನು ಲೆಡ್ಜರ್‌ನಿಂದಲೇ ಆರಿಸಲು ಸಾಧ್ಯವಿಲ್ಲವಲ್ಲ. ನಿಮ್ಮ ಸೀನಿಯರ್ ಕೊಟ್ಟ 30 ಯಾವ ದಿಕ್ಕಿನದು ಎಂದು ಮೊದಲೇ ಕೇಳಿಕೊಳ್ಳಿ.

30 ಇನ್‌ವಾಯ್ಸ್‌ಗಳ ಒಟ್ಟು ಮೊತ್ತ 6,00,000. ಇವುಗಳಲ್ಲಿ ಒಂದು ಹೀಗಿದೆ: ಇನ್‌ವಾಯ್ಸ್ 100 ಪೆಟ್ಟಿಗೆಗಳಿಗೆ, ತಲಾ 900ರಂತೆ 90,000, ಲೆಡ್ಜರ್‌ನಲ್ಲೂ 90,000. ಗೋದಾಮಿನ ಚೀಟಿಯಲ್ಲಿ ಮಾತ್ರ 80 ಪೆಟ್ಟಿಗೆ. ಇನ್‌ವಾಯ್ಸ್ ಮೇಲೆ ಮೇಲ್ವಿಚಾರಕರ ಸಹಿ ಸ್ಪಷ್ಟವಾಗಿದೆ.

ಮೊದಲು ಉಳಿದ 20 ಪೆಟ್ಟಿಗೆಗಳು ನಂತರ ಬಂದವೇ, ವರ್ಷ ಮುಗಿಯುವ ಮೊದಲು ಬಂದವೇ, ಸರಬರಾಜುದಾರರು ಕ್ರೆಡಿಟ್ ನೋಟ್ ಕಳುಹಿಸಿದ್ದಾರೆಯೇ, ಅದು ಲೆಕ್ಕಕ್ಕೆ ಸೇರಿದೆಯೇ ಎಂದು ನೋಡಿ. ಇವು ಯಾವುವೂ ಇಲ್ಲವಾದರೆ ಖರೀದಿ 18,000 ಹೆಚ್ಚಾಗಿ ದಾಖಲಾಗಿದೆ. ಇಲ್ಲಿ ‘30ರಲ್ಲಿ ಒಂದು ತಪ್ಪು’ ಎಂದು ಬರೆದರೆ ಸಾಲದು. 6,00,000ದಲ್ಲಿ 18,000 ಎಂದರೆ ಶೇ 3. ಅದೇ ಪ್ರಮಾಣವನ್ನು 72,00,000ಕ್ಕೆ ವಿಸ್ತರಿಸಿದರೆ ಅಂದಾಜು ತಪ್ಪು 2,16,000. ಈ ಲೆಕ್ಕಕ್ಕೆ ಸಹಿಸಬಹುದಾದ ಮಿತಿ 3,60,000 ಎಂದು ಯೋಜನೆಯಲ್ಲಿದ್ದರೆ, ಅಂದಾಜು ಅದರೊಳಗೇ ಇದೆ. ಆದರೂ ನಾನಾಗಿದ್ದರೆ ಇಲ್ಲಿ ನಿಲ್ಲುವುದಿಲ್ಲ. ಅಂದಾಜು ಎನ್ನುವುದು ನಡುವಿನ ಊಹೆ ಮಾತ್ರ. 30 ಕಾಗದಗಳ ಆಧಾರದ ಮೇಲೆ ನಿಜವಾದ ತಪ್ಪು ಅದಕ್ಕಿಂತ ಬಹಳ ಹೆಚ್ಚೂ ಇರಬಹುದು. ಸ್ಯಾಂಪಲ್ ಹೆಚ್ಚಿಸಬೇಕು ಅಥವಾ ಬೇರೆ ಸಾಕ್ಷ್ಯ ತರಬೇಕು.

ಕಂಟ್ರೋಲ್ ಪರೀಕ್ಷೆಯ ಲೋಪವನ್ನು ಹೀಗೆ ಮೊತ್ತಕ್ಕೆ ಪರಿವರ್ತಿಸಲು ಬರುವುದಿಲ್ಲ ಎಂಬುದನ್ನು ಗಮನಿಸಿ. 25ರಲ್ಲಿ ಒಂದು ಎಂದರೆ ಶೇ 4, ಆದ್ದರಿಂದ ಖರೀದಿಯ ಶೇ 4ರಷ್ಟು ತಪ್ಪು ಎಂದು ಬರೆದ ಪೇಪರ್‌ಗಳು ನನ್ನ ಬಳಿ ಬಂದಿವೆ. ಸಹಿ ತಪ್ಪಿದ್ದು ತಪ್ಪು ನುಸುಳಬಹುದಾದ ಬಾಗಿಲು ತೆರೆದಿತ್ತು ಎಂದು ಹೇಳುತ್ತದೆ; ಎಷ್ಟು ನುಸುಳಿತು ಎಂದು ಹೇಳುವುದಿಲ್ಲ.

ಇನ್ನು ಆ ಸಹಿ. 80 ಪೆಟ್ಟಿಗೆ ಬಂದಿದ್ದ ಕಡೆ 100ಕ್ಕೆ ಸಹಿ ಬಿದ್ದಿದೆ ಎಂದರೆ, ಆ ದಿನ ತಾಳೆಯನ್ನು ಸರಿಯಾಗಿ ನೋಡದೆಯೇ ಸಹಿ ಹಾಕಲಾಗಿದೆ. ಹಾಗಾದರೆ ಕಳೆದ ವಾರ ನೀವು ‘ಸಹಿ ಇದೆ’ ಎಂದು ಟಿಕ್ ಹಾಕಿದ 24 ಇನ್‌ವಾಯ್ಸ್‌ಗಳ ಗತಿ ಏನು? ಸಹಿ ಮಾತ್ರ ನೋಡಿದ್ದರೆ, ಯಾರೋ ಪೆನ್ನು ಎತ್ತಿದರು ಎಂಬುದಕ್ಕಷ್ಟೇ ನಿಮ್ಮಲ್ಲಿ ಸಾಕ್ಷ್ಯ ಇದೆ. ಮೂರೂ ಕಾಗದಗಳನ್ನು ನೀವೇ ಮತ್ತೆ ತಾಳೆ ನೋಡಿದ್ದರೆ ಸಾಕ್ಷ್ಯ ಗಟ್ಟಿಯಾಗುತ್ತದೆ. ‘ನಾವು ಪ್ರತಿ ಸಲ ನೋಡುತ್ತೇವೆ’ ಎಂಬ ಬಾಯಿಮಾತು ಕಂಟ್ರೋಲ್ ಪರೀಕ್ಷೆಗೆ ಸಾಲದು; ಅಂತರರಾಷ್ಟ್ರೀಯ ಆಡಿಟಿಂಗ್ ಮಾನದಂಡ 330 ವಿಚಾರಣೆಯ ಜೊತೆಗೆ ಬೇರೆ ವಿಧಾನಗಳೂ ಬೇಕು ಎನ್ನುತ್ತದೆ. ಅದೇ ಮಾನದಂಡ ಇನ್ನೊಂದು ಮಾತನ್ನೂ ಹೇಳುತ್ತದೆ: ಸಬ್‌ಸ್ಟಾಂಟಿವ್ ಕೆಲಸದಲ್ಲಿ ತಪ್ಪು ಸಿಕ್ಕರೆ ಕಂಟ್ರೋಲ್ ಬಗ್ಗೆ ಮತ್ತೆ ಯೋಚಿಸಬೇಕು, ಆದರೆ ತಪ್ಪು ಸಿಗದಿದ್ದರೆ ಅದು ಕಂಟ್ರೋಲ್ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷ್ಯವಲ್ಲ. ಆಗಸ್ಟ್‌ನ ಆ ಸಹಿಯಿಲ್ಲದ ಸರಿಯಾದ ಇನ್‌ವಾಯ್ಸ್ ಇದಕ್ಕೇ ಉದಾಹರಣೆ.

ಕಂಟ್ರೋಲ್ ಚೆನ್ನಾಗಿದ್ದರೆ ಸಬ್‌ಸ್ಟಾಂಟಿವ್ ಬಿಡಬಹುದೇ ಎಂದು ನಿಮಗೆ ಅನಿಸಬಹುದು. ಮಹತ್ವದ ಲೆಕ್ಕಗಳಲ್ಲಿ ಬಿಡುವಂತಿಲ್ಲ. ಅಪಾಯ ಕಡಿಮೆ ಎಂದು ಅಂದಾಜಿಸಿದ್ದರೂ ಅಂಥ ಪ್ರತಿ ಲೆಕ್ಕಕ್ಕೆ ಒಂದಿಷ್ಟು ಸಬ್‌ಸ್ಟಾಂಟಿವ್ ಕೆಲಸ ಕಡ್ಡಾಯ. ನಮ್ಮ ಅಂದಾಜು ತಪ್ಪಿರಬಹುದು, ಆಡಳಿತವೇ ಕಂಟ್ರೋಲನ್ನು ಬದಿಗೆ ತಳ್ಳಿರಬಹುದು. ಕಂಟ್ರೋಲ್ ಚೆನ್ನಾಗಿದ್ದರೆ ಆ ಕೆಲಸದ ಪ್ರಮಾಣ ಕಡಿಮೆಯಾಗುತ್ತದೆ, ಅಷ್ಟೇ. ಕಂಟ್ರೋಲ್ ಪರೀಕ್ಷೆಯನ್ನು ಮಾತ್ರ ಅದರ ಮೇಲೆ ಭರವಸೆ ಇಡುವ ಯೋಜನೆ ಇಲ್ಲದಿದ್ದಾಗ ಬಿಡಬಹುದು. ಇದಕ್ಕೆ ಒಂದು ಅಪವಾದವಿದೆ: ವ್ಯವಹಾರವೆಲ್ಲ ಕಂಪ್ಯೂಟರ್ ಒಳಗೇ ನಡೆದು ಕಾಗದದ ಜಾಡೇ ಇಲ್ಲದಿದ್ದಾಗ ಸಬ್‌ಸ್ಟಾಂಟಿವ್ ಒಂದರಿಂದಲೇ ಸಾಕಷ್ಟು ಸಾಕ್ಷ್ಯ ಸಿಗದಿರಬಹುದು, ಆಗ ಕಂಟ್ರೋಲ್ ಪರೀಕ್ಷೆ ಮಾಡಲೇಬೇಕು.

ವಾಕ್‌ಥ್ರೂ ಬಗ್ಗೆಯೂ ಒಂದು ಮಾತು. ಒಂದು ಇನ್‌ವಾಯ್ಸನ್ನು ಆದೇಶದಿಂದ ಪಾವತಿಯವರೆಗೆ ಹಿಂಬಾಲಿಸುವುದು ಕಂಟ್ರೋಲ್ ಇದೆ, ಜಾರಿಯಲ್ಲಿದೆ ಎಂದು ತಿಳಿಯಲು. ಅದು ವರ್ಷವಿಡೀ ನಡೆಯಿತು ಎಂದು ಆ ಒಂದರಿಂದ ಹೇಳಲಾಗದು, ಆದ್ದರಿಂದ ಕೈಯಿಂದ ಮಾಡುವ ಕಂಟ್ರೋಲ್‌ಗಳಲ್ಲಿ ಅದನ್ನು ಪರೀಕ್ಷೆಯ ಲೆಕ್ಕಕ್ಕೆ ಸೇರಿಸಬೇಡಿ.

ಎರಡೂ ಕೆಲಸವನ್ನು ಒಂದೇ ಇನ್‌ವಾಯ್ಸ್‌ಗಳ ಮೇಲೆ ಮಾಡಿದರೆ ಆಗದೇ? ಆಗುತ್ತದೆ, ಇಮ್ಮಡಿ ಉದ್ದೇಶದ ಪರೀಕ್ಷೆ ಎಂದು ಅದನ್ನು ಅನೇಕ ತಂಡಗಳು ಮಾಡುತ್ತವೆ. ಆಗ ಎರಡರಲ್ಲಿ ದೊಡ್ಡದಾದ ಸ್ಯಾಂಪಲ್ ಗಾತ್ರವನ್ನು ತೆಗೆದುಕೊಳ್ಳಬೇಕು, ಆಯ್ಕೆ ವರ್ಷಪೂರ್ತಿ ಹರಡಿರಬೇಕು. ವರ್ಕಿಂಗ್ ಪೇಪರ್‌ನಲ್ಲಿ ‘ತಾಳೆ ನೋಡಿ ಸಹಿ ಹಾಕಲಾಗಿದೆಯೇ’ ಎಂಬ ಕಾಲಂ ಬೇರೆ, ‘ದಾಖಲಾದ ಮೊತ್ತ, ಇರಬೇಕಾದ ಮೊತ್ತ, ವ್ಯತ್ಯಾಸ’ ಎಂಬ ಕಾಲಂಗಳು ಬೇರೆ ಇರಲಿ. 90,000ದ ಆ ಇನ್‌ವಾಯ್ಸ್ ಅಂಥ ಪೇಪರ್‌ನಲ್ಲಿ ಎರಡೂ ಕಡೆ ಕಾಣಿಸಿಕೊಳ್ಳುತ್ತದೆ: ಒಂದು ಕಡೆ ಲೋಪವಾಗಿ, ಇನ್ನೊಂದು ಕಡೆ 18,000 ಆಗಿ. ಎರಡಕ್ಕೂ ತೀರ್ಮಾನವನ್ನು ಪ್ರತ್ಯೇಕವಾಗಿ ಬರೆಯಿರಿ.