ಐದರಲ್ಲಿ ನಾಲ್ಕು ಪಾಲು ಪಥ್ಯ, ಒಂದು ಪಾಲು ಸಡಿಲ ಎಂಬ 80-20 ಕ್ರಮ ಒಳ್ಳೆಯದೋ, ಪೂರ್ತಿ ಕಟ್ಟುನಿಟ್ಟು ಒಳ್ಳೆಯದೋ?

"ಏಳು ಕಿಲೊ ಇಳಿಸಬೇಕಿದೆ. ಎರಡನ್ನೂ ಅಷ್ಟಷ್ಟು ದಿನ ಮಾಡಿ ಬಿಟ್ಟಿದ್ದೇನೆ. ನನ್ನ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಎಂದು ತಿಳಿಯುವುದು ಹೇಗೆ?"

ನನ್ನಲ್ಲಿ ಸಲಹೆಗೆ ಬರುವವರಲ್ಲಿ ಅನೇಕರು ತಮ್ಮ ಶಿಸ್ತನ್ನು ನೋಡಿಕೊಂಡು ಇದನ್ನು ಮೊದಲೇ ತೀರ್ಮಾನಿಸಿರುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಕುಂದವಾಡ ಕೆರೆಗೆ ಎರಡು ಸುತ್ತು ಹಾಕುವವರು ತಮಗೆ ಕಟ್ಟುನಿಟ್ಟೇ ಸರಿ ಎನ್ನುತ್ತಾರೆ. ಅಲಾರಾಂ ಬಾರಿಸಿದರೂ ಮಗ್ಗಲು ಬದಲಿಸುವವರು ಸಡಿಲವೇ ಸಾಕು ಎನ್ನುತ್ತಾರೆ. ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ಡಯಟೀಷಿಯನ್ ಆಗಿರುವ ನಾನು ಕಂಡಂತೆ ಈ ಊಹೆ ಬಹಳ ಸಲ ತಪ್ಪುತ್ತದೆ. ಕೆಲಸದಲ್ಲಿರುವ ಶಿಸ್ತಿಗೂ ತಟ್ಟೆಯ ಮುಂದಿನ ನಡವಳಿಕೆಗೂ ಅಂಥ ಹತ್ತಿರದ ನಂಟಿಲ್ಲ. ನಾನು ಕೇಳುವುದು ಎರಡು ಗಳಿಗೆಗಳ ಬಗ್ಗೆ ಮಾತ್ರ. ಆಸೆಯ ತಿನಿಸಿನ ಮೊದಲ ತುಂಡು ಬಾಯಿಗೆ ಬಿದ್ದ ಮೇಲೆ ಆಸೆ ತಣಿಯುತ್ತದೆಯೋ, ಕೆರಳುತ್ತದೆಯೋ? ಹಾಕಿಕೊಂಡ ನಿಯಮ ಮುರಿದರೆ ಅದರ ಮುಂದಿನ ಊಟ ಹೇಗಿರುತ್ತದೆ?

ಮೊದಲ ಪ್ರಶ್ನೆಗೆ ನಮ್ಮ ಅಣ್ಣನೇ ಉದಾಹರಣೆ. ಅವನದು ಹಾರ್ಡ್‌ವೇರ್ ಅಂಗಡಿ. ಒಂದು ಮೊಳೆಯ ಲೆಕ್ಕವೂ ತಪ್ಪದ ಮನುಷ್ಯ. ತೂಕ ಇಳಿಸಲು ಅವನು 80-20 ಕ್ರಮವನ್ನೇ ಆರಿಸಿಕೊಂಡ. ವಾರಕ್ಕೆ ಇಪ್ಪತ್ತೊಂದು ಊಟ, ಅದರಲ್ಲಿ ಐದನೇ ಒಂದು ಪಾಲೆಂದರೆ ನಾಲ್ಕು, ಆ ನಾಲ್ಕರಲ್ಲಿ ಏನು ಬೇಕಾದರೂ ತಿನ್ನಬಹುದು ಎಂಬುದು ಅವನ ಒಪ್ಪಂದ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಸಂಜೆ ಐದೂವರೆಯ ತಿಂಡಿಗೆ ಈ ಇಪ್ಪತ್ತೊಂದರಲ್ಲಿ ಜಾಗವೇ ಇರಲಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ಸತ್ಯ ಹೇಳಬೇಕೆಂದರೆ ನನಗೂ ತಡವಾಗಿ ಹೊಳೆಯಿತು. ಅಂಗಡಿಯ ಹುಡುಗ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಮಿರ್ಚಿಯ ಪೊಟ್ಟಣವನ್ನು ಗಲ್ಲಾಪೆಟ್ಟಿಗೆಯ ಮೇಲೆ ಬಿಚ್ಚುವಾಗ ಪೇಪರು ಎಣ್ಣೆಯಿಂದ ಪಾರದರ್ಶಕವಾಗಿರುತ್ತಿತ್ತು. ಅಣ್ಣ ಎರಡೇ ತಿನ್ನುವುದೆಂದು ಮನಸ್ಸಿನಲ್ಲಿಟ್ಟುಕೊಂಡು ಕೂರುತ್ತಿದ್ದ. ಎರಡು ಮುಗಿದಾಗ ಮಂಡಕ್ಕಿ ಇನ್ನೂ ಉಳಿದಿರುತ್ತಿತ್ತು, ಮಂಡಕ್ಕಿ ಉಳಿಯಿತೆಂದು ಮತ್ತೊಂದು ಮಿರ್ಚಿ, ಮಿರ್ಚಿ ಉಳಿಯಿತೆಂದು ಮತ್ತೊಂದು ಹಿಡಿ ಮಂಡಕ್ಕಿ.

ಮೂರು ವಾರ ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಬರೆದಿಡಲು ಹೇಳಿದೆ. ಮಿರ್ಚಿ ಮುಟ್ಟಿದ ಹನ್ನೊಂದು ಸಂಜೆಗಳಲ್ಲಿ ಎರಡಕ್ಕೆ ನಿಲ್ಲಿಸಿದ್ದು ಎರಡೇ ಸಂಜೆ. ಮುಟ್ಟದೇ ಇದ್ದ ಹತ್ತು ಸಂಜೆಗಳಲ್ಲಿ ಮಾತ್ರ, ಆರೂವರೆ ಕಳೆದ ಮೇಲೆ ಅದರ ನೆನಪೂ ಬರಲಿಲ್ಲ ಎಂದು ಅವನೇ ಬರೆದಿದ್ದ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಈ ಎರಡನೆಯ ಮಾತು. ಬಿಟ್ಟರೆ ಸುಮ್ಮನಿರುವ, ಮುಟ್ಟಿದರೆ ಬೆಳೆಯುವ ಆಸೆಗೆ ಸಡಿಲ ಕ್ರಮ ಪ್ರತಿ ಸಂಜೆಯೂ ಹೊಸದಾಗಿ ಚೌಕಾಸಿ ಮಾಡುವ ಕೆಲಸ ಹಚ್ಚುತ್ತದೆ. ಇದು ಇಪ್ಪತ್ತರಲ್ಲಿ ಬರುತ್ತದೆಯೇ, ಮುಂದಿನ ವಾರದಿಂದ ಒಂದು ಸಾಲ ತೆಗೆಯಬಹುದೇ ಎಂದು ಅವನು ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗಲೂ ಲೆಕ್ಕ ಹಾಕುತ್ತಿದ್ದ. ಕೊನೆಗೆ ಒಂದೇ ವಾಕ್ಯದ ನಿಯಮ ಮಾಡಿದೆವು: ಅಂಗಡಿಯಲ್ಲಿ ಕೂತು ಕರಿದದ್ದನ್ನು ತಿನ್ನುವುದಿಲ್ಲ. ಮನೆಯಲ್ಲಿ ಬೀಗರು ಬಂದಾಗ ಮಾಡಿದರೆ ಅದು ಬೇರೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಂತೂ ಕೇಳುವವರಿಲ್ಲ. ಜಾಗವನ್ನು ಹೆಸರಿಸಿದ್ದರಿಂದ ನಿಯಮಕ್ಕೆ ಗಡಿ ಸಿಕ್ಕಿತು, ಹುಡುಗನನ್ನು ಕಳಿಸುವುದೂ ನಿಂತಿತು.

ಎರಡನೆಯ ಪ್ರಶ್ನೆಯಲ್ಲಿ ಸೋತವಳು ನಾನು. ಓದು ಮುಗಿಸಿದ ಹೊಸತರಲ್ಲಿ ಸಕ್ಕರೆ, ಬೆಲ್ಲ ಎರಡನ್ನೂ ಪೂರ್ತಿ ಬಿಟ್ಟಿದ್ದೆ. ನಲವತ್ತು ದಿನ ಒಂದು ಚೂರೂ ತಪ್ಪಲಿಲ್ಲ, ಆ ಜಂಬ ಬೇರೆ. ನಲವತ್ತೊಂದನೆಯ ದಿನ ಗೆಳತಿಯ ಸೀಮಂತದಲ್ಲಿ ಅವಳ ಅತ್ತೆ ಎಲೆಗೆ ಹೋಳಿಗೆ ಬಡಿಸಿ ತುಪ್ಪ ಹಾಕಿದರು. ಬೇಡವೆನ್ನಲಾಗದೆ ಅರ್ಧ ತಿಂದೆ. ಅರ್ಧಕ್ಕೆ ನಿಂತಿದ್ದರೆ ಅದೊಂದು ವಿಷಯವೇ ಆಗುತ್ತಿರಲಿಲ್ಲ. ಹೇಗೂ ಕೆಟ್ಟಿತಲ್ಲ ಎಂದು ಅಲ್ಲೇ ಎರಡು ಮುಗಿಸಿ, ಕಟ್ಟಿಕೊಟ್ಟದ್ದನ್ನು ಮನೆಯಲ್ಲಿ ರಾತ್ರಿ ಹಾಲಿನ ಜೊತೆ ತಿಂದು, ಮುಂದಿನ ಒಂಬತ್ತು ದಿನ ಸೋಮವಾರದಿಂದ ಮತ್ತೆ ಶುರು ಎನ್ನುತ್ತಾ ಕಂಡಕಂಡ ಸಿಹಿ ತಿಂದೆ. ಕೆಡಿಸಿದ್ದು ಅರ್ಧ ಹೋಳಿಗೆಯಲ್ಲ, ಆ ಒಂಬತ್ತು ದಿನ.

ಈ ನಡವಳಿಕೆಯನ್ನು ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ರುಚಿ ಪರೀಕ್ಷೆ ಎಂದು ಹೇಳಿ, ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಬಳಿಕ ಐಸ್‌ಕ್ರೀಮನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಊಟದ ಬಗ್ಗೆ ಅಷ್ಟೇನೂ ಬಿಗಿಯಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು, ಹೊಟ್ಟೆ ತುಂಬಿತ್ತು. ಸದಾ ಹಿಡಿತದಲ್ಲಿ ತಿನ್ನುವವರು ಮಾತ್ರ ಏನೂ ಕುಡಿಯದಿದ್ದಾಗ ತಿಂದದ್ದಕ್ಕಿಂತ, ಕುಡಿದ ಮೇಲೆ ಹೆಚ್ಚು ತಿಂದರು. ಈ 'ಹೋದರೆ ಹೋಗಲಿ ಬಿಡು' ಎಂಬ ಮನಸ್ಥಿತಿಯ ಬಗ್ಗೆ ಹರ್ಮನ್ ಆಮೇಲೆ ಪೊಲಿವಿ ಎಂಬವರ ಜೊತೆಗೂಡಿ ಬಹಳ ಬರೆದರು. 1991ರಲ್ಲಿ ಜರ್ಮನಿಯ ವೆಸ್ಟೆನ್‌ಹೋಫರ್ ಹಿಡಿತದಲ್ಲೇ ಎರಡು ಬಗೆಯಿದೆಯೆಂದು ಬಿಡಿಸಿದರು: ಬಿಗಿ ಹಿಡಿತ ಮತ್ತು ಬಾಗುವ ಹಿಡಿತ. ಬಿಗಿ ಹಿಡಿತದವರಲ್ಲಿ ಹಿಡಿತ ತಪ್ಪಿ ತಿನ್ನುವುದು ಹೆಚ್ಚು, ಬಾಗುವವರಲ್ಲಿ ಕಡಿಮೆ ಎಂದು ಅವರಿಗೆ ಕಂಡುಬಂತು. ಇದನ್ನು ಓದಿ ಕಟ್ಟುನಿಟ್ಟೇ ತಪ್ಪೆಂದು ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಎರಡೂ ಒಟ್ಟಿಗೆ ಕಾಣಿಸಿದವು ಎಂಬುದಷ್ಟೇ ಅದರ ಅರ್ಥ. ಬಿಗಿಯಿಂದ ಹಿಡಿತ ತಪ್ಪಿತೋ, ಹಿಡಿತ ತಪ್ಪುವವರೇ ಬಿಗಿಯನ್ನು ಹುಡುಕಿಕೊಂಡು ಹೋದರೋ ಎಂಬುದು ಅಷ್ಟರಿಂದಲೇ ಇತ್ಯರ್ಥವಾಗದು.

ಹಾಗಾದರೆ ಅಣ್ಣನಿಗೂ ನನಗೂ ಸ್ವಭಾವ ಬೇರೆಯೇ? ಪೂರ್ತಿ ಅಲ್ಲ. ಅಣ್ಣನಿಗೆ ಮೈಸೂರು ಪಾಕಿನ ಒಂದು ತುಂಡು ಕೊಟ್ಟರೆ ತಿಂದು ಕೈ ತೊಳೆದು ಹೋಗುತ್ತಾನೆ. ನನಗೆ ಮಿರ್ಚಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸ್ವಭಾವವನ್ನು ಇಡೀ ಮನುಷ್ಯನ ಮೇಲೆ ಚೀಟಿಯಂತೆ ಅಂಟಿಸದೆ, ತಿನಿಸಿಗೊಂದರಂತೆ ನೋಡಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ನಾನು ಈಗ ಸಿಹಿಗೆ ಸಡಿಲ ಕ್ರಮದಲ್ಲಿದ್ದೇನೆ: ವಾರಕ್ಕೆ ಮೂರು ಸಲ, ಊಟದ ಜೊತೆಯಲ್ಲೇ, ತಟ್ಟೆಯಲ್ಲಿ ಹಾಕಿಕೊಂಡು. ನಿಯಮ ಮುರಿಯುವ ಭಯ ಇಲ್ಲದ ಕಾರಣ ಒಂಬತ್ತು ದಿನಗಳ ಆ ಕಥೆ ಮರುಕಳಿಸಿಲ್ಲ.

ಇನ್ನು ಲೆಕ್ಕದ ಮಾತು. ನೀವು ಏಳು ಕಿಲೊ ಇಳಿಸಬೇಕೆಂದಿದ್ದೀರಿ, ಇಲ್ಲಿ 80-20 ಕ್ರಮ ಸದ್ದಿಲ್ಲದೆ ಕೈಕೊಡುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನುತ್ತೀರೆಂದು ಇಟ್ಟುಕೊಳ್ಳೋಣ. ವಾರಕ್ಕೆ 3,500 ಆಯಿತು. ನಾಲ್ಕು ಸಡಿಲ ಊಟಗಳಲ್ಲಿ ತಲಾ 600 ಹೆಚ್ಚು ತಿಂದರೆ 2,400 ಅಲ್ಲೇ ಹೋಯಿತು, ಉಳಿದದ್ದು 1,100. ಇಪ್ಪತ್ತೊಂದರಲ್ಲಿ ಹದಿನೇಳು ಊಟ ಶ್ರದ್ಧೆಯಿಂದ ಮಾಡಿದವರ ತೂಕ ಏಕೆ ಅಲುಗುವುದಿಲ್ಲ ಎಂಬುದಕ್ಕೆ ಬಹಳ ಸಲ ಕಾರಣ ಇಷ್ಟೇ. 600 ದೊಡ್ಡದೆನಿಸಿದರೆ ಬೆಣ್ಣೆ ದೋಸೆಯನ್ನು ನೆನೆಯಿರಿ. ಒಂದು ದೊಡ್ಡ ಚಮಚ ಬೆಣ್ಣೆಗೇ ಸುಮಾರು 100 ಕ್ಯಾಲೊರಿ. ಕಾವಲಿಯ ಮೇಲೆ ಒಂದು ಸಲ, ತಟ್ಟೆಗೆ ಬಂದ ಮೇಲೆ ಇನ್ನೊಂದು ಸಲ ಬೀಳುವ ಬೆಣ್ಣೆಯನ್ನು ಯಾರೂ ಚಮಚದಲ್ಲಿ ಅಳೆಯುವುದಿಲ್ಲ, ದೋಸೆಯೂ ಒಂದಕ್ಕೆ ಮುಗಿಯುವುದಿಲ್ಲ. ಆದ್ದರಿಂದ ತೂಕ ಇಳಿಸುವ ತಿಂಗಳುಗಳಲ್ಲಿ ಸಡಿಲವನ್ನು ಊಟದ ಲೆಕ್ಕದಲ್ಲಿ ಇಡಬೇಡಿ, ತಿನಿಸಿನ ಲೆಕ್ಕದಲ್ಲಿ ಇಡಿ: ಭಾನುವಾರ ಬೆಳಿಗ್ಗೆ ಒಂದು ಬೆಣ್ಣೆ ದೋಸೆ, ಬುಧವಾರ ಒಂದು ಹೋಳಿಗೆ. ಇಳಿದ ತೂಕವನ್ನು ಉಳಿಸಿಕೊಳ್ಳುವ ಹಂತಕ್ಕೆ ಬಂದ ಮೇಲೆ ನಾಲ್ಕು ಊಟಗಳ ಲೆಕ್ಕ ಪರವಾಗಿಲ್ಲ.

ಪರೀಕ್ಷೆ ಮಾಡುವುದಾದರೆ ಹೀಗೆ ಮಾಡಿ. ನಿಮ್ಮನ್ನು ಹೆಚ್ಚು ಕಾಡುವ ಒಂದೇ ತಿನಿಸನ್ನು ಆರಿಸಿಕೊಂಡು, ಮೂರು ವಾರ ಅದನ್ನು ಪೂರ್ತಿ ಬಿಡಿ. ಮುಂದಿನ ಮೂರು ವಾರ ನಿಗದಿತ ದಿನ, ನಿಗದಿತ ಪ್ರಮಾಣದಲ್ಲಿ ತಿನ್ನಿ. ಉಳಿದ ಊಟವನ್ನು ಬದಲಿಸಬೇಡಿ. ತೂಕದ ಯಂತ್ರವನ್ನು ತೀರ್ಪುಗಾರನನ್ನಾಗಿ ಮಾಡಬೇಡಿ, ಏಕೆಂದರೆ ಒಂದು ದಿನದ ಉಪ್ಪಿನಕಾಯಿಯೂ ಮೈಯಲ್ಲಿ ನೀರು ನಿಲ್ಲಿಸಿ ಒಂದು ಕಿಲೊದಷ್ಟು ಆಟ ಆಡಿಸಬಲ್ಲದು. ರಾತ್ರಿ ಮಲಗುವ ಮುನ್ನ ಬರೆಯಬೇಕಾದದ್ದು ಇಷ್ಟೇ: ಇಂದು ಅದರ ಯೋಚನೆ ಎಷ್ಟು ಸಲ ಬಂತು, ತಿಂದಿದ್ದರೆ ಅಂದುಕೊಂಡಷ್ಟಕ್ಕೆ ನಿಂತಿತೇ, ತಪ್ಪಿದ್ದರೆ ಮುಂದಿನ ಊಟ ಎಂದಿನಂತೆ ಇತ್ತೇ. ಬಿಟ್ಟ ಮೂರು ವಾರಗಳಲ್ಲಿ ಯೋಚನೆ ಎರಡನೆಯ ವಾರದಿಂದ ಇಳಿಯುತ್ತಾ ಬಂದರೆ ಆ ತಿನಿಸಿಗೆ ಕಟ್ಟುನಿಟ್ಟು ನಿಮಗೆ ಒಗ್ಗುತ್ತದೆ. ಯೋಚನೆ ಏರುತ್ತಲೇ ಹೋಗಿ, ಒಮ್ಮೆ ತಪ್ಪಿದ್ದು ಮಾರನೆಯ ದಿನಕ್ಕೂ ಹರಡಿದರೆ ಸಡಿಲ ಕ್ರಮಕ್ಕೆ ಹೋಗಿ. ಎರಡರಲ್ಲೂ ವ್ಯತ್ಯಾಸ ಕಾಣದಿದ್ದರೆ ಆ ತಿನಿಸು ನಿಮ್ಮ ಸಮಸ್ಯೆಯೇ ಅಲ್ಲ; ಸಂಜೆಯ ಹಸಿವೋ, ನಿದ್ದೆಗೆಟ್ಟ ರಾತ್ರಿಯೋ ಇನ್ನೇನೋ ಇದ್ದೀತು.

ನಮ್ಮ ಕಡೆ ಇನ್ನೊಂದು ಸಂಗತಿಯನ್ನೂ ನೋಡಬೇಕು. 'ಒಂದೇ ಒಂದು ತಗೊಳ್ರಿ, ಏನೂ ಆಗಲ್ಲ' ಎಂದು ಒತ್ತಾಯಿಸುವವರ ನಡುವೆ 80-20 ಎಂಬ ಉತ್ತರ ನಿಲ್ಲುವುದಿಲ್ಲ, ಏಕೆಂದರೆ ಸ್ವಲ್ಪ ತಿನ್ನಬಹುದೆಂದು ನೀವೇ ಒಪ್ಪಿಕೊಂಡಂತಾಯಿತು. ಬೇಡವೆನ್ನಲು ನಾಲಿಗೆ ಏಳದವರಿಗೆ ಸ್ಪಷ್ಟ ನಿಯಮ ಒಂದು ಬೇಲಿ. ಅಂಥವರು ಸಡಿಲ ಕ್ರಮದಲ್ಲಿದ್ದರೂ ಹೊರಗಿನ ಸಿಹಿಗೆ ಮಾತ್ರ ಕಟ್ಟುನಿಟ್ಟು ಇಟ್ಟುಕೊಳ್ಳುವುದು ಲೇಸು.

ಕೆಲವರು ಈ ಪರೀಕ್ಷೆಗೆ ಇಳಿಯಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟದ ಕ್ರಮ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಆಹಾರ ಏಕಾಏಕಿ ಕಡಿಮೆಯಾಗಿ ಔಷಧಿ ಅಷ್ಟೇ ಇದ್ದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ತಿಂದದ್ದಕ್ಕೆ ನಾಚಿ ವಾಂತಿ ಮಾಡಿಕೊಳ್ಳುವ, ದಿನಗಟ್ಟಲೆ ಉಪವಾಸವಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಅನುಭವ ಹಿಂದೆ ಆಗಿದ್ದರೆ ಮೂರು ವಾರ ಬಿಡುವ ಭಾಗವನ್ನು ಮಾಡಲೇಬೇಡಿ, ಮೊದಲು ಮನೋವೈದ್ಯರನ್ನು ಕಾಣಿ. ನೀವು ಎರಡೂ ಕ್ರಮಗಳನ್ನು ಅಷ್ಟಷ್ಟು ದಿನ ಮಾಡಿ ಬಿಟ್ಟೆನೆಂದು ಬರೆದಿದ್ದೀರಿ. ಬಿಟ್ಟ ದಿನ ಏನು ತಿಂದಿರಿ, ಅದರ ಮರುದಿನ ಏನು ತಿಂದಿರಿ ಎಂದು ನೆನಪಿದ್ದರೆ ಕೆಳಗೆ ಬರೆಯಿರಿ, ಆರು ವಾರ ಕಾಯದೆಯೇ ಅರ್ಧ ಉತ್ತರ ಅದರಲ್ಲೇ ಸಿಗಬಹುದು.