ಇದಕ್ಕಾಗಿ ಯಾವ ಕೆಲಸ ಮುಂದಕ್ಕೆ ಹಾಕಲಿ, ಸರ್?

ಪ್ರಶ್ನೆ: ಒಂದು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ತಿಂಗಳ ಮೊದಲ ಇಪ್ಪತ್ತು ದಿನ ಉಸಿರಾಡೋಕೂ ಪುರುಸೊತ್ತಿರಲ್ಲ, ಆಗಲೇ ಮ್ಯಾನೇಜರ್ ಹೊಸ ರಿಪೋರ್ಟ್ ಕೇಳ್ತಾರೆ. ಆಗಲ್ಲ ಅಂದ್ರೆ ಮುಖ ಸಿಂಡರಿಸ್ತಾರೆ, ಆಯ್ತು ಅಂದ್ರೆ ಮನೆ ಸೇರೋದು ರಾತ್ರಿ ಹತ್ತಕ್ಕೆ. ಹೇಗೆ ಹೇಳೋದು?

ಉತ್ತರ:

ಕೈಯಲ್ಲಿರುವ ಕೆಲಸವನ್ನು ತಾರೀಖಿನ ಸಮೇತ ಅವರ ಮುಂದಿಟ್ಟು, ಹೊಸದಕ್ಕಾಗಿ ಇದರಲ್ಲಿ ಯಾವುದನ್ನು ಮುಂದಕ್ಕೆ ಹಾಕಬೇಕು ಎಂದು ಕೇಳಿ. ನಾನೂ ಪೀಣ್ಯದ ಒಂದು ಬಿಡಿಭಾಗಗಳ ಕಂಪನಿಯಲ್ಲಿ ಹಲವು ವರ್ಷ ನಿಮ್ಮ ಜಾಗದಲ್ಲಿದ್ದವನು. ಈಗ ನಾನೇ ಬೇರೆಯವರಿಗೆ ಕೆಲಸ ಹೇಳುವ ಜಾಗದಲ್ಲಿದ್ದೇನೆ. ಎರಡೂ ಕಡೆಯಿಂದ ನೋಡಿದ ಮೇಲೆ ಹೇಳುತ್ತಿದ್ದೇನೆ: ನಿಮ್ಮ ಮ್ಯಾನೇಜರ್‌ಗೆ ನಿಮ್ಮ ಮೇಜಿನ ಮೇಲೆ ಏನೇನಿದೆ ಎಂಬುದು ಬಹುಪಾಲು ಗೊತ್ತಿರುವುದಿಲ್ಲ. ಅವರಿಗೆ ಮೇಲಿನಿಂದ ಫೋನ್ ಬಂದಿರುತ್ತದೆ, ಅದು ಹಾಗೇ ನಿಮಗೆ ದಾಟುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಅವರ ಕೆಲಸ. ಆ ತೀರ್ಮಾನಕ್ಕೆ ಬೇಕಾದ ಲೆಕ್ಕ ಕೊಡುವುದು ನಿಮ್ಮ ಕೆಲಸ.

ಆದರೆ ಕೇಳುವ ರೀತಿ ತಪ್ಪಿದರೆ ಇದೂ ನೆಪದ ಹಾಗೇ ಕೇಳಿಸುತ್ತದೆ. ಹಾಗಾಗಿ ಒಂದು ಸಂದರ್ಭವನ್ನು ಪೂರ್ತಿ ಹೇಳುತ್ತೇನೆ.

ಅವತ್ತು ತಿಂಗಳ 8ನೇ ತಾರೀಖು, ಬುಧವಾರ. ಬೆಳಗ್ಗೆ ನಮ್ಮ ಫೈನಾನ್ಸ್ ಮ್ಯಾನೇಜರ್ ಬಂದು, "ಸೋಮವಾರ ಡೈರೆಕ್ಟರ್ ಮೀಟಿಂಗ್ ಇದೆ, ಕಸ್ಟಮರ್‌ವಾರು ಲಾಭದ ರಿಪೋರ್ಟ್ ಬೇಕು, ಮೂರು ವರ್ಷದ್ದು" ಅಂದರು. ಕೇಳೋಕೆ ಸಣ್ಣ ಕೆಲಸ. ಮಾರಾಟದ ಅಂಕಿ ಟ್ಯಾಲಿಯಿಂದ ಹತ್ತು ನಿಮಿಷದಲ್ಲಿ ಬರುತ್ತದೆ. ವೆಚ್ಚವನ್ನು ಕಸ್ಟಮರ್‌ವಾರು ಹಂಚುವುದೇ ಕಷ್ಟ. ಯಾವ ಪಾರ್ಟ್‌ಗೆ ಎಷ್ಟು ಕಚ್ಚಾಮಾಲು ಹೋಯಿತು, ಲಾರಿ ಬಾಡಿಗೆ ಯಾರ ತಲೆಗೆ, ರಿಜೆಕ್ಟ್ ಆಗಿ ವಾಪಸ್ ಬಂದ ಮಾಲಿನ ಲೆಕ್ಕ ಎಲ್ಲಿ, ಇದನ್ನೆಲ್ಲ ಕೂಡಿಸಬೇಕು. ಮೊದಲ ವರ್ಷದ ಮಾಹಿತಿ ಬೇರೆ ಹಳೆಯ ಸಾಫ್ಟ್‌ವೇರ್‌ನಲ್ಲಿತ್ತು. ಅಂದಾಜು 20 ಗಂಟೆಯ ಕೆಲಸ.

ನಾನು ಅವರಿಗೆ ಅಲ್ಲೇ ಉತ್ತರ ಕೊಡಲಿಲ್ಲ. "ಸರ್, ಅರ್ಧ ಗಂಟೆ ಕೊಡಿ, ಕೈಯಲ್ಲಿರೋದನ್ನ ನೋಡಿ ಬಂದು ಹೇಳ್ತೀನಿ" ಅಂದೆ. ಈ ಅರ್ಧ ಗಂಟೆ ತುಂಬ ಮುಖ್ಯ. ನಿಂತ ನಿಲುವಿನಲ್ಲಿ "ತುಂಬಾ ಕೆಲಸ ಇದೆ ಸರ್" ಅಂದರೆ ಅದು ಗೊಣಗಾಟ. ಒಂದು ಹಾಳೆ ಹಿಡಿದು ಹೋದರೆ ಅದು ಲೆಕ್ಕ.

ಹಾಳೆಯಲ್ಲಿ ಇದ್ದದ್ದು ಇಷ್ಟು. ಬುಧವಾರದಿಂದ ಶನಿವಾರದವರೆಗೆ ನಾಲ್ಕು ದಿನ, ದಿನಕ್ಕೆ ಎಂಟರಂತೆ 32 ಗಂಟೆ. ಬ್ಯಾಂಕ್ ಎಂಟ್ರಿ, ಪೇಮೆಂಟ್, ಫೋನು ಇವಕ್ಕೆ ದಿನಕ್ಕೆ ಎರಡರಂತೆ 8 ಹೋಗುತ್ತದೆ. ನಮ್ಮ ಬ್ಯಾಂಕಿಗೆ 10ರ ಒಳಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಅದಕ್ಕೆ 6. ಜಿಎಸ್‌ಟಿಆರ್-1 11ಕ್ಕೆ ಕೊನೆ, ಇನ್‌ವಾಯ್ಸ್ ಮತ್ತು ಕ್ರೆಡಿಟ್ ನೋಟ್ ತಾಳೆ ನೋಡೋಕೆ 10. ಒಟ್ಟು 24. ಉಳಿಯೋದು 8 ಗಂಟೆ, ಅದನ್ನು ಸಪ್ಲೈಯರ್‌ಗಳ ಲೆಡ್ಜರ್ ತಾಳೆ ನೋಡೋಕೆ ಇಟ್ಟಿದ್ದೆ, ಪರ್ಚೇಸ್‌ನವರಿಗೆ ಮಾತೂ ಕೊಟ್ಟಾಗಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. "ಯಾವುದನ್ನ ಮುಂದಕ್ಕೆ ಹಾಕಲಿ" ಎಂದು ಕೇಳುವಾಗ ಜಿಎಸ್‌ಟಿ, ಟಿಡಿಎಸ್, ಪಿಎಫ್‌ಗಳನ್ನು ಆಯ್ಕೆಯ ಹಾಗೆ ಮುಂದಿಡಬೇಡಿ. ಅವು ಮುಂದಕ್ಕೆ ಹೋಗಲ್ಲ ಅನ್ನೋದು ನಿಮಗೂ ಗೊತ್ತು, ಅವರಿಗೂ ಗೊತ್ತು. ಟಿಡಿಎಸ್ ಕಟ್ಟೋದು 7ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. 3ಬಿ ತಡವಾಗಿ ತೆರಿಗೆ ಬಾಕಿ ಉಳಿದರೆ ವರ್ಷಕ್ಕೆ ಶೇಕಡ 18ರ ಬಡ್ಡಿ, ಮೇಲೆ ದಿನಕ್ಕಿಷ್ಟು ಎಂದು ಲೇಟ್ ಫೀ. ಜಿಎಸ್‌ಟಿಆರ್-1 ತಡವಾದರೆ ನಮ್ಮ ಇನ್‌ವಾಯ್ಸ್‌ಗಳು 14ಕ್ಕೆ ತಯಾರಾಗುವ ಕಸ್ಟಮರ್‌ನ 2ಬಿಯಲ್ಲಿ ಕಾಣಿಸುವುದಿಲ್ಲ, ಅವರಿಗೆ ಆ ತಿಂಗಳು ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ನಮ್ಮ ಬಿಲ್‌ನ ಪೇಮೆಂಟ್ ತಡೆಹಿಡಿಯುತ್ತಾರೆ. ಇಂಥದ್ದನ್ನು ಆಯ್ಕೆಯಲ್ಲಿ ಸೇರಿಸಿದರೆ ನೀವು ಅವರನ್ನು ಹೆದರಿಸೋಕೆ ಬಂದಿದ್ದೀರಿ ಅನಿಸುತ್ತದೆ, ಮಾತು ಅಲ್ಲೇ ಕೆಡುತ್ತದೆ. ಇವುಗಳನ್ನು "ಇಷ್ಟು ಗಂಟೆ ಇದಕ್ಕೆ ಹೋಗುತ್ತೆ" ಎಂದು ಮೊದಲೇ ಕಳೆದುಬಿಡಿ. ಉಳಿದದ್ದರಲ್ಲಿ ಮಾತ್ರ ಆಯ್ಕೆ ಕೇಳಿ. ನನ್ನ ಹತ್ತಿರ ಹಾಗೆ ಉಳಿದದ್ದು ಲೆಡ್ಜರ್ ತಾಳೆ ಒಂದೇ.

ಇನ್ನೊಂದು ವಿಷಯವೂ ಹಾಳೆ ಬರೆದಾಗಲೇ ಕಂಡಿದ್ದು. ಲೆಡ್ಜರ್ ಕೆಲಸವನ್ನು ಪೂರ್ತಿ ಬಿಟ್ಟರೂ ಸಿಗೋದು 8 ಗಂಟೆ, ರಿಪೋರ್ಟ್‌ಗೆ ಬೇಕಾದದ್ದು 20. ಬರೀ ಮುಂದಕ್ಕೆ ಹಾಕಿದರೆ ಸಾಲದು, ರಿಪೋರ್ಟನ್ನೂ ಚಿಕ್ಕದು ಮಾಡಬೇಕು. ಎಷ್ಟೋ ಜನ ಇಲ್ಲಿಯವರೆಗೆ ಲೆಕ್ಕ ಹಾಕದೆ, ಒಂದು ಕೆಲಸ ತಳ್ಳಿದ ಸಮಾಧಾನದಲ್ಲಿ ಹೊಸದನ್ನು ಒಪ್ಪಿಕೊಂಡು ಭಾನುವಾರ ಆಫೀಸಿನಲ್ಲಿ ಕೂತಿರುತ್ತಾರೆ.

ಒಳಗೆ ಹೋಗಿ ಹೇಳಿದ್ದು ಹೀಗೆ: "ಸರ್, ರಿಪೋರ್ಟ್ ಮಾಡ್ತೀನಿ. ಶನಿವಾರದೊಳಗೆ ಸ್ಟಾಕ್ ಸ್ಟೇಟ್‌ಮೆಂಟೂ ಜಿಎಸ್‌ಟಿಆರ್-1ನೂ ಮುಗೀಲೇಬೇಕು, ಅವು ಬಿಟ್ರೆ ನನ್ನ ಹತ್ರ 8 ಗಂಟೆ ಉಳಿಯುತ್ತೆ. ಸಪ್ಲೈಯರ್ ಲೆಡ್ಜರ್‌ನ 20ರ ಮೇಲೆ ಹಾಕಿದ್ರೆ ಆ 8 ಗಂಟೆ ಇದಕ್ಕೆ ಕೊಡಬಹುದು. ಅಷ್ಟರಲ್ಲಿ ಹೋದ ವರ್ಷದ್ದು, ದೊಡ್ಡ ಹತ್ತು ಕಸ್ಟಮರ್‌ದು ಆಗುತ್ತೆ. ಮೂರು ವರ್ಷದ್ದೂ ಬೇಕೇ ಬೇಕು ಅಂದ್ರೆ ತಿಂಗಳ ಕೊನೆಗೆ ಕೊಡ್ತೀನಿ. ಹೇಗೆ ಮಾಡ್ಲಿ?"

ಇದರಲ್ಲಿ ಮೊದಲ ಮಾತು "ಮಾಡ್ತೀನಿ" ಎಂದಿರುವುದನ್ನು ಗಮನಿಸಿ. ನನ್ನದೇ ಒಂದು ಸಲಹೆಯೂ ಜೊತೆಗಿದೆ. ಬರೀ "ಯಾವುದನ್ನ ಬಿಡ್ಲಿ ಸರ್?" ಎಂದು ಕೇಳಿ ನಿಂತರೆ ಯೋಚನೆಯ ಭಾರವನ್ನೆಲ್ಲ ಅವರ ಮೇಲೆ ಹೊರಿಸಿದ ಹಾಗೆ, ಕೆಲವರಿಗೆ ಅದು ಎದುರು ಮಾತಿನಂತೆಯೂ ಕೇಳುತ್ತದೆ. ನಮ್ಮ ಕಡೆ ಹಿರಿಯರ ಮಾತಿಗೆ ಎದುರಾಡಬಾರದು ಎಂಬುದು ಆಫೀಸಿನವರೆಗೂ ಬಂದಿರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಸಲಹೆ ಇಟ್ಟು ಕೇಳಿದರೆ ಅವರು ಹೂಂ ಅನ್ನಬಹುದು, ಇಲ್ಲ ಬದಲಿಸಬಹುದು. ಎರಡರಲ್ಲೂ ತೀರ್ಮಾನ ಅವರದೇ ಆಗಿರುತ್ತದೆ.

ಅವರು ಒಂದು ಗಳಿಗೆ ಹಾಳೆ ನೋಡಿದರು. ಆಮೇಲೆ ನನ್ನೆದುರೇ ಡೈರೆಕ್ಟರ್‌ಗೆ ಫೋನ್ ಮಾಡಿದರು. ನೋಡಿದರೆ, ಅವರಿಗೆ ಬೇಕಾಗಿದ್ದದ್ದು ದರ ಪರಿಷ್ಕರಣೆಗೆ ಬಂದಿದ್ದ ನಾಲ್ಕೇ ಕಸ್ಟಮರ್‌ಗಳ ಲೆಕ್ಕ. "ಮೂರು ವರ್ಷ, ಎಲ್ಲರದೂ" ಎಂಬುದು ಬಾಯಿಂದ ಬಾಯಿಗೆ ಬರುವಾಗ ಬೆಳೆದದ್ದು. ಇದು ಅಪರೂಪ ಅಂದುಕೊಳ್ಳಬೇಡಿ. ಕೆಲಸದ ಅಳತೆ ಹೇಳಿದಾಗ ಮಾತ್ರ ಮೇಲಿನವರು "ನಿಜಕ್ಕೂ ಏನು ಬೇಕು" ಎಂದು ಇನ್ನೂ ಮೇಲಿನವರನ್ನು ಕೇಳುತ್ತಾರೆ. ಕೆಳಗಿನವರು ಸುಮ್ಮನೆ ತಲೆಯಾಡಿಸಿದರೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಹೊರಗೆ ಬಂದು ತಕ್ಷಣ ಒಂದು ಮೇಲ್ ಹಾಕಿದೆ, ಪರ್ಚೇಸ್ ಮ್ಯಾನೇಜರ್‌ಗೂ ಪ್ರತಿ ಇಟ್ಟು: "ನಾವು ಮಾತಾಡಿದಂತೆ, ನಾಲ್ಕು ಕಸ್ಟಮರ್‌ಗಳ ಲಾಭದ ರಿಪೋರ್ಟ್ 11ರ ಸಂಜೆಯೊಳಗೆ ಕೊಡುತ್ತೇನೆ. ಅದಕ್ಕಾಗಿ ಸಪ್ಲೈಯರ್ ಲೆಡ್ಜರ್ ತಾಳೆಯ ಕೆಲಸ 21ರಿಂದ ಶುರುವಾಗುತ್ತದೆ." ಎರಡೇ ಸಾಲು. ಮುಂದಕ್ಕೆ ಹೋದ ಕೆಲಸ ಯಾರದೋ ಅವರಿಗೆ ತಿಳಿಸದಿದ್ದರೆ ಮುಂದಿನ ವಾರ ಅದು ತಿರುಗಿ ನಿಮ್ಮ ತಲೆಗೇ ಬರುತ್ತದೆ. ನಮ್ಮಲ್ಲೂ ಪರ್ಚೇಸ್‌ನವರು ಸಿಟ್ಟಾದರು. ಒಬ್ಬ ಸಪ್ಲೈಯರ್ ಹಳೆ ಬಾಕಿಯ ತಕರಾರಿನಿಂದ ಮಾಲು ಕಳಿಸುವುದನ್ನೇ ನಿಲ್ಲಿಸಿದ್ದ. ಮಾತಾಡಿ ಅವನೊಬ್ಬನ ಲೆಡ್ಜರ್ ಮಾತ್ರ ಆಗಲೇ ನೋಡಿಕೊಟ್ಟೆ, ಉಳಿದವು 21ಕ್ಕೇ ಹೋದವು. ಆ ಮೇಲ್ ಇಲ್ಲದಿದ್ದರೆ ಲೈನ್ ನಿಂತ ಮೇಲೆ ಈ ವಿಷಯ ಗೊತ್ತಾಗುತ್ತಿತ್ತು.

"ಎಲ್ಲವೂ ಮುಖ್ಯ, ಎಲ್ಲವೂ ಆಗಬೇಕು" ಅನ್ನುವ ಮ್ಯಾನೇಜರ್ ನಿಮ್ಮವರಾಗಿದ್ದರೆ ವಾದಕ್ಕಿಳಿಯಬೇಡಿ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ: "ಎಲ್ಲದಕ್ಕೂ ಪ್ರಯತ್ನ ಮಾಡ್ತೀನಿ ಸರ್. ಒಂದು ಪಕ್ಷ ಎರಡರಲ್ಲಿ ಒಂದು ಎರಡು ದಿನ ತಡವಾದ್ರೆ, ಯಾವುದು ತಡವಾದ್ರೆ ಪರವಾಗಿಲ್ಲ?" ಮುಖ್ಯ ಯಾವುದು ಎಂಬುದಕ್ಕೆ ಉತ್ತರ ಕೊಡದವರೂ ಇದಕ್ಕೆ ಸಾಮಾನ್ಯವಾಗಿ ಕೊಡುತ್ತಾರೆ. ಆಗಲೂ ಉತ್ತರ ಬರದಿದ್ದರೆ, ನೀವು ಯಾವ ಕ್ರಮದಲ್ಲಿ ಮಾಡುತ್ತೀರಿ ಎಂದು ಬರೆದು ಕಳಿಸಿ, "ಬದಲಾವಣೆ ಇದ್ದರೆ ಇವತ್ತು ಸಂಜೆಯೊಳಗೆ ತಿಳಿಸಿ, ಇಲ್ಲದಿದ್ದರೆ ಹೀಗೇ ಮುಂದುವರಿಸುತ್ತೇನೆ" ಎಂದು ಸೇರಿಸಿ. ಫೋನಿನಲ್ಲೇ ಎಲ್ಲ ಹೇಳುವ ಮ್ಯಾನೇಜರ್ ಆದರೆ ವಾಟ್ಸಾಪ್ ಸಾಕು. ಮೇಲ್ ನೋಡಿದರೆ ಕೆಲವರಿಗೆ ದಾಖಲೆ ಮಾಡುತ್ತಿದ್ದಾನೆ ಅನಿಸುತ್ತದೆ, ನಿಮ್ಮವರ ಸ್ವಭಾವ ನೀವೇ ಬಲ್ಲಿರಿ.

ಇದನ್ನು ಎಲ್ಲದಕ್ಕೂ ಬಳಸಬೇಡಿ. ಅರ್ಧ ಗಂಟೆಯ ಕೆಲಸಕ್ಕೆ ಹಾಳೆ ಹಿಡಿದು ಹೋದರೆ ದೊಡ್ಡ ಕೆಲಸದ ದಿನ ನಿಮ್ಮ ಮಾತಿಗೆ ತೂಕ ಇರುವುದಿಲ್ಲ. ಅಂಥದ್ದನ್ನು ಸುಮ್ಮನೆ ಮಾಡಿಕೊಡಿ. ಇನ್ನು ಗಂಟೆಗಳನ್ನು ಉಬ್ಬಿಸಿ ಬರೆಯಲೇಬೇಡಿ. ನಿಮ್ಮ ಮ್ಯಾನೇಜರ್ ಕೂಡ ಒಂದು ಕಾಲದಲ್ಲಿ ಇದೇ ರಿಟರ್ನ್ ಫೈಲ್ ಮಾಡಿದವರು. ನಾಲ್ಕು ಗಂಟೆಯದ್ದನ್ನು ಹತ್ತು ಎಂದು ಬರೆದರೆ ಅವರಿಗೆ ತಕ್ಷಣ ತಿಳಿಯುತ್ತದೆ, ಆಮೇಲೆ ನಿಮ್ಮ ಯಾವ ಹಾಳೆಯನ್ನೂ ನಂಬುವುದಿಲ್ಲ.

ಕೊನೆಯದಾಗಿ, ಪ್ರತಿ ತಿಂಗಳೂ ಅದೇ ಲೆಡ್ಜರ್ ಕೆಲಸವೇ ಮುಂದಕ್ಕೆ ಹೋಗುತ್ತಿದ್ದರೆ ಆ ಪ್ರಶ್ನೆಯಿಂದ ಇನ್ನು ಪ್ರಯೋಜನವಿಲ್ಲ. ಜನ ಸಾಲುತ್ತಿಲ್ಲ ಎಂದರ್ಥ. ಆಗ ಹಿಂದಿನ ಕೆಲವು ತಿಂಗಳ ಆ ಎರಡು ಸಾಲಿನ ಮೇಲ್‌ಗಳನ್ನು ಒಟ್ಟು ಮಾಡಿ, ತಾಳೆಯಾಗದೆ ಉಳಿದ ಲೆಡ್ಜರ್‌ಗಳ ಪಟ್ಟಿ ಜೊತೆಗಿಟ್ಟು, ಒಬ್ಬ ಸಹಾಯಕ ಬೇಕು ಎಂದು ಕೇಳಿ. 21ರ ನಂತರ ಹೋಗಿ, ಆಗ ಅವರಿಗೂ ಕೂತು ಕೇಳೋಕೆ ಸಮಯ ಇರುತ್ತದೆ.