ವಿಧಿಯ ಪರಿಣಾಮವೇ ವಿಧಿಗೆ ಕಾರಣವೇ?

ಪ್ರಶ್ನೆ: ಧಾರ್ಮಿಕ ವಿಧಿಗಳು ಇರುವುದೇ ಸಮಾಜವನ್ನು ಒಗ್ಗೂಡಿಸುವುದಕ್ಕಾಗಿ ಎಂದು ಆಚರಣೆಗಳನ್ನು ಅವು ಸಮಾಜಕ್ಕೆ ಮಾಡುವ ಕೆಲಸದಿಂದ ವಿವರಿಸುವ ಪ್ರಕಾರ್ಯವಾದಿಗಳು ಹೇಳುತ್ತಾರಲ್ಲ, ನನಗೆ ಅದು ಸರಿಯೆನಿಸುತ್ತದೆ. ಮತ್ತೇಕೆ ಅದನ್ನು ಇಷ್ಟೊಂದು ಟೀಕಿಸುತ್ತಾರೆ?

ತೊಡಕು ಇರುವುದು ‘ಒಗ್ಗೂಡಿಸುವುದಕ್ಕಾಗಿ’ ಎಂಬ ಪದದ ಕೊನೆಯ ಭಾಗದಲ್ಲಿ. ವಿಧಿಯಿಂದ ಜನ ಒಗ್ಗೂಡುತ್ತಾರೆ ಎಂಬುದು ಒಂದು ಹೇಳಿಕೆ. ಒಗ್ಗೂಡಿಸುತ್ತದೆ ಎಂಬ ಕಾರಣಕ್ಕೇ ಆ ವಿಧಿ ಇದೆ ಎಂಬುದು ಬೇರೆಯೇ ಹೇಳಿಕೆ. ಮೊದಲನೆಯದು ಅನೇಕ ಕಡೆ ನಿಜ. ಎರಡನೆಯದಕ್ಕೆ ಪ್ರತ್ಯೇಕ ಪುರಾವೆ ಬೇಕು. ಈ ಎಚ್ಚರಿಕೆಯನ್ನು ಮೊದಲು ಕೊಟ್ಟವರಲ್ಲಿ ಈ ಪಂಥದ ಮೂಲಪುರುಷನೆನಿಸಿದ ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಖೈಮ್ ಸ್ವತಃ ಒಬ್ಬನೆಂಬುದನ್ನು ಹಲವರು ಮರೆಯುತ್ತಾರೆ. ಒಂದು ಸಾಮಾಜಿಕ ಸಂಗತಿಯ ಉಪಯೋಗವನ್ನು ತೋರಿಸಿದ ಮಾತ್ರಕ್ಕೆ ಅದು ಹೇಗೆ ಹುಟ್ಟಿತೆಂದು ವಿವರಿಸಿದಂತಾಗುವುದಿಲ್ಲ ಎಂದು ಅವನು 1895ರಲ್ಲೇ ಬರೆದಿದ್ದ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ಕೊಟ್ಟ, ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಮಳೆ ವಿಧಿಯ ಉದಾಹರಣೆಯನ್ನು ನೋಡಿ. ಜನ ಸೇರುವುದು ಮಳೆಗಾಗಿ. ಅದು ಪ್ರಕಟ ಉದ್ದೇಶ. ಚದುರಿಹೋದವರು ಒಂದೆಡೆ ಕೂಡಿ ತಮ್ಮ ಗುಂಪಿನ ಏಕತೆಯನ್ನು ಮರಳಿ ಅನುಭವಿಸುತ್ತಾರೆ ಎಂಬುದು ಸುಪ್ತ ಪ್ರಕಾರ್ಯ, ಅಂದರೆ ಯಾರೂ ಉದ್ದೇಶಿಸದೆ ವಿಧಿ ಮಾಡುವ ಕೆಲಸ. ‘ಮಳೆ ಬರದಿದ್ದರೂ ಏಕೆ ಮಾಡುತ್ತಾರೆ?’ ಎಂಬ ಪ್ರಶ್ನೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ಗಂಭೀರವಾಗಿ ಎತ್ತಿಕೊಂಡದ್ದು ಈ ಪಂಥದ ನಿಜವಾದ ಸಾಧನೆ ಎಂದೇ ನಾನು ಭಾವಿಸುತ್ತೇನೆ. ಆದರೆ ಆ ಏಕತೆ ಯಾರೂ ಬಯಸಿ ಮಾಡಿದ್ದಲ್ಲ. ಅದು ವಿಧಿ ಮುಗಿದ ಮೇಲೆ ಉಂಟಾಗುವಂಥದ್ದು. ಹಾಗಿದ್ದರೆ ಮುಂದಿನ ಬಾರಿ ವಿಧಿ ನಡೆಯುವಂತೆ ಅದು ಮಾಡುವುದು ಯಾವ ದಾರಿಯಿಂದ? ಜೀವಿಗಳ ಅಂಗಗಳ ವಿಷಯದಲ್ಲಿ ನೈಸರ್ಗಿಕ ಆಯ್ಕೆ ಆ ದಾರಿಯನ್ನು ಒದಗಿಸುತ್ತದೆ. ಸಮಾಜದ ವಿಷಯದಲ್ಲಿ ಅಂಥದ್ದೊಂದನ್ನು ಸಂಶೋಧಕ ತೋರಿಸಿಕೊಡಬೇಕು. ನಾರ್ವೆಯ ಚಿಂತಕ ಯಾನ್ ಎಲ್‌ಸ್ಟರ್ ಪಟ್ಟುಹಿಡಿದು ಕೇಳಿದ್ದು ಇದನ್ನೇ. ಇದರ ಜೊತೆಗೆ, ಏಕತೆ ಬೇರೆ ರೀತಿಗಳಿಂದಲೂ ಬರಬಹುದಾದ್ದರಿಂದ, ಇದೇ ವಿಧಿ ಏಕೆ ಎಂಬುದಕ್ಕೆ ಏಕತೆಯ ಅಗತ್ಯ ಉತ್ತರ ಕೊಡಲಾರದು.

ಇದು ತರ್ಕದ ಕಡೆಯ ಟೀಕೆ. ವಾಸ್ತವದ ಕಡೆಯಿಂದ ಬಂದ ಟೀಕೆಗಳಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಜಾವಾದ ಒಂದು ಪಟ್ಟಣದಲ್ಲಿ 1954ರಲ್ಲಿ ಕಂಡು, 1957ರಲ್ಲಿ ಪ್ರಕಟಿಸಿದ ಒಂದು ಬಾಲಕನ ಅಂತ್ಯಕ್ರಿಯೆಯ ವಿವರ. ಅಲ್ಲಿ ಸಾವಾದಾಗ ಮೋದಿನ್ ಎಂಬ ಧಾರ್ಮಿಕ ಅಧಿಕಾರಿ ಬಂದು ವಿಧಿಯನ್ನು ನಡೆಸಿಕೊಡುತ್ತಾನೆ, ಶವವನ್ನು ತೊಳೆದು ಕೆಲವೇ ಗಂಟೆಗಳಲ್ಲಿ ಹೂಳುತ್ತಾರೆ, ಅಕ್ಕಪಕ್ಕದವರು ಸ್ಲಾಮೆತಾನ್ ಎಂಬ ಸಾಮೂಹಿಕ ಊಟದಲ್ಲಿ ಕೂಡುತ್ತಾರೆ. ದುಃಖವನ್ನು ತಣ್ಣಗೆ ನುಂಗಿಕೊಳ್ಳಬೇಕೆಂಬುದು ಅಲ್ಲಿನ ರೀತಿ. ಆ ದಿನ ಮೋದಿನ್ ಬಂದವನು ಹುಡುಗ ವಾಸವಾಗಿದ್ದ ಬಂಧುಗಳ ಮನೆಯ ಬಾಗಿಲ ಮೇಲಿದ್ದ ಪಕ್ಷದ ಚಿಹ್ನೆಯನ್ನು ನೋಡಿದ. ಅದು ಇಸ್ಲಾಮೀ ಪಕ್ಷವನ್ನು ವಿರೋಧಿಸುತ್ತಿದ್ದ ಪೆರ್ಮಾಯಿಯದು. ನಿಮ್ಮದು ಬೇರೆ ಧರ್ಮ, ಅದರ ವಿಧಿ ನನಗೆ ತಿಳಿಯದು ಎಂದು ಅವನು ಹಿಂದೆ ಸರಿದ. ಶವ ಸೆಟೆದುಕೊಳ್ಳತೊಡಗಿತು, ನೆರೆಹೊರೆಯವರು ಏನು ಮಾಡುವುದೆಂದು ತೋಚದೆ ಬಣಬಣವಾಗಿ ಕುಳಿತರು, ಅಳಬಾರದಾಗಿದ್ದವರು ಗೋಳಾಡಿದರು. ಕೊನೆಗೆ ಹುಡುಗನ ತಂದೆತಾಯಿ ಬೇರೆ ಊರಿನಿಂದ ಬಂದು, ಇಸ್ಲಾಂ ಕ್ರಮದಲ್ಲೇ ನಡೆಯಲಿ ಎಂದು ತಂದೆ ಹೇಳಿದ ಮೇಲೆ ಕಾರ್ಯ ಮುಂದುವರಿಯಿತು.

ನಂಬಿಕೆ ಸಡಿಲವಾದದ್ದರಿಂದ ವಿಧಿ ಸೋತಿತು ಎಂದು ಇಲ್ಲಿ ಹೇಳುವಂತಿಲ್ಲ, ಏಕೆಂದರೆ ವಿಧಿ ಸರಿಯಾಗಿ ನಡೆಯಲೇಬೇಕೆಂಬ ಕಳಕಳಿ ಅಲ್ಲಿದ್ದವರೆಲ್ಲರಲ್ಲಿ ಇತ್ತು. ಗೀರ್ಟ್ಸ್ ವಿವರಿಸುವಂತೆ, ಸ್ಲಾಮೆತಾನ್‌ನ ಅರ್ಥವು ನೆರೆಹೊರೆಯವರೇ ಒಂದು ಸಮುದಾಯವಾಗಿದ್ದ ಹಳ್ಳಿಯ ಬದುಕಿನದು. ಪಟ್ಟಣದಲ್ಲಿ ಜನರು ವಿಂಗಡಣೆಯಾಗಿದ್ದುದು ಪಕ್ಷ, ಪಂಥಗಳ ಆಧಾರದ ಮೇಲೆ. ಅರ್ಥದ ವ್ಯವಸ್ಥೆಯೂ ಸಾಮಾಜಿಕ ರಚನೆಯೂ ಒಂದರ ಪ್ರತಿಬಿಂಬ ಇನ್ನೊಂದು ಎಂದು ಭಾವಿಸುವ ಪ್ರಕಾರ್ಯವಾದಕ್ಕೆ, ಅವೆರಡೂ ಬೇರೆ ಬೇರೆ ವೇಗದಲ್ಲಿ ಬದಲಾಗುವುದನ್ನು ಹಿಡಿಯಲು ಆಗುವುದಿಲ್ಲ. ಸಾಮಾಜಿಕ ಬದಲಾವಣೆಯನ್ನು ಪ್ರಕಾರ್ಯವಾದ ವಿವರಿಸಲಾರದು ಎಂಬ ಪ್ರಸಿದ್ಧ ಟೀಕೆಗೆ ಇಲ್ಲಿ ಸ್ಪಷ್ಟ ರೂಪ ಸಿಗುತ್ತದೆ.

ಪ್ರಕಾರ್ಯವಾದಿಯೊಬ್ಬ ಇದಕ್ಕೂ ಉತ್ತರ ಹುಡುಕಬಹುದು: ಆ ಜಗಳ ಎರಡೂ ಬಣಗಳ ಒಳಗಿನ ಒಗ್ಗಟ್ಟನ್ನು ಗಟ್ಟಿಗೊಳಿಸಿತು ಎನ್ನಬಹುದು. ಇಂಥ ಉತ್ತರ ಬಂದಾಗ ನೀವು ಎರಡು ವಿಷಯ ಕೇಳಿ: ಒಗ್ಗೂಡಿದ್ದು ಯಾವ ಗುಂಪು, ಮತ್ತು ಅಂದು ಏನು ನಡೆದಿದ್ದರೆ ವಿಧಿ ತನ್ನ ಪ್ರಕಾರ್ಯದಲ್ಲಿ ಸೋತಿತೆಂದು ಒಪ್ಪುತ್ತಿದ್ದಿರಿ? ಗುಂಪಿನ ಗಡಿಯನ್ನು ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯುವವನಿಗೆ ಎರಡನೆಯ ಪ್ರಶ್ನೆಗೆ ಉತ್ತರವಿರುವುದಿಲ್ಲ. ಉತ್ತರವನ್ನು ಮೊದಲೇ ಹೇಳಿ ಪರೀಕ್ಷೆಗೆ ಒಡ್ಡುವವನ ಪ್ರಕಾರ್ಯವಾದವನ್ನು ಮಾತ್ರ ನಾನು ಒಂದು ವಿವರಣೆಯೆಂದು ಒಪ್ಪುತ್ತೇನೆ.